ಅರವತ್ತೊಂದು ಕಾರುಗಳು

ನಾನು ಕೂತಲ್ಲಿ ಕೂರುವವಳಲ್ಲ. ಕರಡು ತಿದ್ದುವ ಕೆಲಸಕ್ಕೆ ಇದಕ್ಕಿಂತ ಕೆಟ್ಟ ಗುಣ ಇನ್ನೊಂದಿಲ್ಲ. ಪ್ರಕಾಶನದ ಎರಡನೆಯ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ, ಸೋದರಮಾವನ ಎದುರು ಕೂತು ಏಳು ತಿಂಗಳಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೆಳಗೆ ಮುದ್ರಣಯಂತ್ರ ಓಡಿದರೆ ನಮ್ಮ ಚಹಾದ ಲೋಟದಲ್ಲಿ ಉಂಗುರಗಳು ಏಳುತ್ತಿದ್ದವು. ನನ್ನ ಕಾಲು ಅಲುಗಿದರೂ ಏಳುತ್ತಿದ್ದವು. ಯಂತ್ರ ನಿಂತಿರುವಾಗಲೂ ಚಹಾ ಕುಣಿಯುವುದನ್ನು ನೋಡಿ, ಯಂತ್ರ ಓಡಿಸುವ ಮಷಿನಿನ ಅಣ್ಣ ನನಗೆ ‘ಸ್ಪೀಡು’ ಎಂದು ಹೆಸರಿಟ್ಟಿದ್ದ.

ಮಾವ ಆ ಮೇಜಿನಲ್ಲಿ ಮೂವತ್ತೊಂದು ವರ್ಷದಿಂದ ಕೂತವನು. ಮನೆಯಲ್ಲಿ ಅವನಿಗೆ ನಾನು ‘ನೀನು’ ಅನ್ನುತ್ತೇನೆ, ಆಫೀಸಿನಲ್ಲಿ ‘ನೀವು’. ಬಸ್ಸಿನಲ್ಲಿ ಎರಡೂ ಬೆರೆಯುತ್ತದೆ. ಕೆಲಸ ಕೊಡಿಸಿದವನು ಅವನೇ. ಮೊದಲ ದಿನವೇ ಮೇಜಿನ ಗಾಜಿನ ಕೆಳಗಿದ್ದ ನಾಲ್ಕು ಹಾಳೆಯ ಪಟ್ಟಿಯನ್ನು ತೋರಿಸಿ, “ಇದು ಬಾಯಿಗೆ ಬರಬೇಕು,” ಎಂದಿದ್ದ. ಹೊರಗಿನ ಭಾಷೆಗಳಿಂದ ಬಂದ ಮಾತುಗಳನ್ನು ನಮ್ಮ ಪುಸ್ತಕಗಳಲ್ಲಿ ಹೇಗೆ ಬರೆಯಬೇಕು ಎನ್ನುವ ಪಟ್ಟಿ ಅದು. ಬಸ್ಸು, ಆಫೀಸು, ಡಾಕ್ಟರು, ಕಾರು, ಬ್ಯಾಂಕು. ಒಂಟಿಯಾಗಿ ಬಂದರೆ ಕೊನೆಗೆ ಉಕಾರ. ಇನ್ನೊಂದು ಪದದ ಮುಂದೆ ನಿಂತರೆ ಉಕಾರ ಬೇಡ, ಬಸ್ ನಿಲ್ದಾಣ. ವೈದ್ಯರ ಹೆಸರಿನ ಮುಂದೆ ಬರೀ ಡಾ., ಚುಕ್ಕಿಯೊಂದಿಗೆ.

“ರಸ್ತೆ ಮೇಲಿನ ಬೋರ್ಡಲ್ಲೆಲ್ಲ ಬಸ್ ಅಂತಲೇ ಇರುತ್ತಲ್ಲ ಮಾವ,” ಎಂದು ನಾನು ವಾದಿಸಿದ್ದೆ.

“ಬೋರ್ಡಿಗೆ ವಿಭಕ್ತಿ ಹತ್ತಲ್ಲ ಕಣೇ. ನಿಂತಲ್ಲೇ ನಿಂತಿರುತ್ತೆ. ಪುಸ್ತಕದ ಬಸ್ಸು ಓಡಬೇಕು. ಬಸ್ಸಿನಲ್ಲಿ, ಬಸ್ಸಿಗೆ, ಬಸ್ಸಿಂದ. ನೀನು ಬಸ್ ಅಂತ ಇಟ್ಟುಕೊಂಡರೆ ‘ಬಸ್‌ನಲ್ಲಿ’ ಅಂತ ಬರೀಬೇಕು. ಮಧ್ಯೆ ಕಣ್ಣಿಗೆ ಕಾಣದ ಒಂದು ಗುರುತು ಒತ್ತದೆ ಹೋದರೆ ನಕಾರ ಹೋಗಿ ಸಕಾರದ ಕೆಳಗೆ ಜೋತು ಬೀಳುತ್ತೆ, ‘ಬಸ್ನಲ್ಲಿ’. ಅದನ್ನ ಯಾರು ಓದ್ತಾರೆ?”

“ಬೇರೆ ಪ್ರಕಾಶನದವರು ಬಸ್‌ನಲ್ಲಿ ಅಂತಲೇ ಹಾಕ್ತಾರೆ.”

“ಹಾಕಲಿ. ಅವರು ಮೊದಲಿಂದ ಕೊನೇವರೆಗೂ ಹಾಗೇ ಹಾಕಿದರೆ ಅವರದ್ದೂ ಸರಿ. ನಮ್ಮದೂ ಸರಿ. ಒಂದು ಪುಟದಲ್ಲಿ ಹಾಗೆ, ಇನ್ನೊಂದು ಪುಟದಲ್ಲಿ ಹೀಗೆ ಹಾಕೋರು ಮಾತ್ರ ತಪ್ಪು.”

ಆ ವರ್ಷ ನಮ್ಮ ಕೈಲಿದ್ದದ್ದು ಕಾರ್ಖಾನೆಯ ಕೆಲಸಗಾರರಿಗಾಗಿ ಬರೆದ ಆರೋಗ್ಯದ ಕೈಪಿಡಿ. ಬರೆದವರು ಒಬ್ಬ ಡಾಕ್ಟರು. ಸಂಜೆಯ ತರಗತಿಗಳಲ್ಲಿ ಆಗ ತಾನೇ ಓದಲು ಕಲಿತವರು ಅದನ್ನು ಓದುವವರಿದ್ದರು. ಅವರು ಅಕ್ಷರ ಅಕ್ಷರ ಕೂಡಿಸಿ ಓದುತ್ತಾರೆ, ಒಂದು ಪದದ ಆಕಾರ ಬದಲಾದರೆ ಹೊಸ ಪದವೇನೋ ಎಂದು ನಿಲ್ಲುತ್ತಾರೆ ಎಂದು ಸಂಪಾದಕಿ ಮೊದಲೇ ಹೇಳಿದ್ದರು. ಹಸ್ತಪ್ರತಿಯಲ್ಲಿ ಒಂದೇ ಪುಟದಲ್ಲಿ ಅಂಬುಲೆನ್ಸ್, ಆಂಬುಲೆನ್ಸು, ಆ್ಯಂಬುಲೆನ್ಸ್ ಮೂರೂ ಇದ್ದವು.

“ಒಬ್ಬ ರೋಗಿಗೆ ಮೂರು ಗಾಡಿ ಕಳಿಸಿದ್ದಾರೆ. ದೊಡ್ಡ ಮನಸ್ಸು,” ಎಂದು ಮಾವ ಎರಡನ್ನು ಹೊಡೆದುಹಾಕಿದ್ದ.

ನಮ್ಮಲ್ಲಿ ಕೆಲಸ ಸಾಗುವುದು ಹೀಗೆ. ಹದಿನಾರು ಪುಟಕ್ಕೆ ಒಂದು ಫಾರಂ. ಒಂದೊಂದು ಫಾರಮಿಗೂ ಕಂಪ್ಯೂಟರಿನಲ್ಲಿ ಒಂದೊಂದು ಫೈಲು. ಮೊದಲ ಪ್ರೂಫು ನಾನು ಓದಬೇಕು. ಎರಡನೆಯದನ್ನು ಮಾವ ಓದಿ, ಮೂಲೆಯಲ್ಲಿ ಅವನ ಚಿಕ್ಕ ಸಹಿ ಹಾಕಿ, ನೋಂದಣಿ ಪುಸ್ತಕದಲ್ಲೂ ಬರೆಯಬೇಕು. ಸಹಿ ಬಿದ್ದ ಮೇಲೆ ಒಂದು ಅಕ್ಷರ ಬದಲಾದರೂ ಮತ್ತೆ ಪ್ರಿಂಟು ತೆಗೆದು ಮತ್ತೆ ಸಹಿ ಹಾಕಿಸಬೇಕು. ಇನ್ನೊಂದು ನಿಯಮ ಮಾವನದ್ದು: ಫೈಲಿನಲ್ಲಿ ಪದ ಬದಲಿಸುವಾಗ ಒಂದೊಂದನ್ನೇ ನೋಡಿ ಬದಲಿಸಬೇಕು. ‘ಎಲ್ಲವನ್ನೂ ಬದಲಿಸು’ ಎನ್ನುವ ಗುಂಡಿಗೆ ಅವನು ಬೆರಳು ತಾಗಿಸುವುದಿಲ್ಲ. ಹಿಂದೆ ಯಾರೋ ಬಸ್ ಇದ್ದಲ್ಲೆಲ್ಲ ಬಸ್ಸು ಎಂದು ಒಂದೇ ಏಟಿಗೆ ಬದಲಿಸಿ, ಸರಿಯಾಗಿದ್ದ ‘ಬಸ್ಸಿನಲ್ಲಿ’ ಎಲ್ಲ ‘ಬಸ್ಸುಸಿನಲ್ಲಿ’ ಆಗಿದ್ದ ಕಥೆಯನ್ನು ನನ್ನ ಮೊದಲ ವಾರದಲ್ಲೇ ಹೇಳಿದ್ದ. ನಾನು ನಕ್ಕಿದ್ದೆ. ಯಾರೋ ಪೆದ್ದರು ಮಾಡಿರಬೇಕು ಅಂದುಕೊಂಡಿದ್ದೆ.

ಏಳನೆಯ ಫಾರಮಿಗೆ ಮಾವ ಶುಕ್ರವಾರ ಸಹಿ ಹಾಕಿದ. ಶನಿವಾರ ಅವನಿಗೆ ರಜೆ. ನಡುಮಧ್ಯಾಹ್ನ ಸಂಪಾದಕಿ ಫೋನು ಮಾಡಿ, “ಏಳನೇದು ಅಚ್ಚಿನ ಪ್ಲೇಟಿಗೆ ಕೊಟ್ಟು ನೀನೂ ಹೊರಡು,” ಅಂದರು. ಕೊಡುವ ಮುನ್ನ ಸುಮ್ಮನೆ ಪರದೆಯ ಮೇಲೆ ಕಣ್ಣಾಡಿಸಿದೆ. ದಾರಿಯ ಅಪಘಾತಗಳ ಅಧ್ಯಾಯ. ಕಾರ್ ಬಂದು ಗುದ್ದಿದಾಗ. ಕಾರ್ ಓಡಿಸುವಾಗ. ಕಾರ್ ನಿಲ್ಲಿಸಿ. ಪಟ್ಟಿಯಲ್ಲಿ ಒಂಟಿ ಪದಕ್ಕೆ ‘ಕಾರು’ ಎಂದಿದೆ. ನನ್ನ ಕಣ್ಣೂ ತಪ್ಪಿತ್ತು, ಮಾವನ ಕಣ್ಣೂ ತಪ್ಪಿತ್ತು. ಮತ್ತೆ ಪ್ರಿಂಟು ತೆಗೆದರೆ ಸಹಿಗೆ ಸೋಮವಾರದವರೆಗೆ ಕಾಯಬೇಕು. ಕಾಲು ಕುಣಿಯುತ್ತಿತ್ತು. ಗುಂಡಿ ಒತ್ತಿದೆ.

ಅರವತ್ತೊಂದು ಕಡೆ ಬದಲಾಗಿದೆ ಎಂದು ಪರದೆ ಹೇಳಿತು. ಹದಿನಾರು ಪುಟಕ್ಕೆ ಅರವತ್ತೊಂದು ಕಾರು. ಆಗಲೇ ಅನುಮಾನ ಬರಬೇಕಿತ್ತು. ಎಷ್ಟೊಂದು ತಪ್ಪು ಹಿಡಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಫೈಲನ್ನು ಕೆಳಗೆ ಕಳಿಸಿದೆ. ಸಹಿಯಿದ್ದ ಹಾಳೆಗಳನ್ನು ಡ್ರಾಯರಿಗೆ ತುರುಕಿ ಮೆಟ್ಟಿಲನ್ನು ಎರಡೆರಡಾಗಿ ಇಳಿದೆ.

ಸೋಮವಾರ ಬೆಳಿಗ್ಗೆ ಮಷಿನಿನ ಅಣ್ಣ ಇನ್ನೂ ಒಣಗದ ಒಂದು ದೊಡ್ಡ ಹಾಳೆಯನ್ನು ಎರಡು ಕೈಯಲ್ಲೂ ಹಿಡಿದು ಮೇಲೆ ಬಂದ.

“ಸ್ಪೀಡು, ಇದೇನಿದು ಕಾರುಖಾನೆ? ಕಾರು ನಿಲ್ಲಿಸೋ ಖಾನೆನಾ?”

ನಾನು ನೋಡಿದೆ. ಕಾರುಖಾನೆ. ಕಾರುಮಿಕರು. ಪ್ರಥಮ ಚಿಕಿತ್ಸೆಯ ಕಾರುಯ. ಪ್ರತಿ ಪುಟದಲ್ಲೂ. ಕಣ್ಣಿಗೆ ಅರ್ಕಾವತ್ತು ಮಕಾರದ ಆಚೆ ಕಂಡರೂ ಫೈಲಿನೊಳಗೆ ಮೊದಲು ರ್, ಆಮೇಲೆ ಮ. ಕಂಪ್ಯೂಟರಿಗೆ ‘ಕಾರ್ಮಿಕ’ದೊಳಗೂ ಒಂದು ಕಾರ್ ನಿಂತಿತ್ತು, ‘ಕಾರ್ಖಾನೆ’ಯೊಳಗೂ ಒಂದು. ಅದು ಎಲ್ಲಕ್ಕೂ ನಿಷ್ಠೆಯಿಂದ ಉಕಾರ ಹಚ್ಚಿತ್ತು.

“ನಾನು ಓದೋನಲ್ಲಮ್ಮ, ನನ್ನ ಕೆಲಸ ಮಸಿ ನೋಡೋದು. ಆದರೂ ಕಣ್ಣಿಗೆ ಚುಚ್ಚಿತು. ಎರಡು ಸಾವಿರ ಹಾಳೆ ಹೊಡೆದಾಗಿದೆ,” ಎಂದು ಅವನು ಮಾವನ ಕಡೆ ತಿರುಗಿ ದನಿ ತಗ್ಗಿಸಿದ. “ಮೇಡಂಗೆ ಹೇಳಿಬಿಟ್ಟೆ ಸಾರ್. ಹೇಳದೆ ಇದ್ದರೆ ನನ್ನ ತಲೆಗೆ ಬರುತ್ತಿತ್ತು.”

ಮಾವ ಹಾಳೆಯನ್ನು ಮೂಗಿನ ಹತ್ತಿರ ಹಿಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಿಡಿದ. ಅಷ್ಟರಲ್ಲಿ ಸಂಪಾದಕಿ ಬಂದು ನೋಂದಣಿ ಪುಸ್ತಕ ತೆರೆದಿದ್ದರು. ಏಳನೆಯ ಫಾರಮಿನ ಎದುರು ಅವನ ಸಹಿ.

“ಒಂದಲ್ಲ ಎರಡಲ್ಲ, ಪುಟಪುಟಕ್ಕೂ ಇದೆಯಲ್ಲ. ಓದಿದ್ದೀರಿ ತಾನೇ?”

“ಸಹಿ ನಂದೇ,” ಎಂದ ಮಾವ. “ತಪ್ಪೂ ನಂದೇ.”

“ಹೋದ ತಿಂಗಳೇ ಹೇಳಿದ್ದೆ, ಕಣ್ಣು ತೋರಿಸಿಕೊಳ್ಳಿ ಅಂತ. ಸಹಿ ಇರೋ ಪ್ರೂಫು ಎಲ್ಲಿ? ನೋಡೋಣ ಕೊಡಿ.”

ಅದು ನನ್ನ ಡ್ರಾಯರಿನಲ್ಲಿತ್ತು. ಮೊಣಕಾಲು ಅದಕ್ಕೆ ತಾಗುತ್ತಿತ್ತು.

“ಹುಡುಕ್ತೀನಿ ಮೇಡಂ,” ಎಂದೆ.

ಅವರು ಕುರ್ಚಿ ಎಳೆದುಕೊಳ್ಳದೆ ನಿಂತೇ ಮಾತು ಮುಗಿಸಿದರು. ಏಳನೆಯ ಫಾರಂ ಮತ್ತೆ ಅಚ್ಚಾಗಬೇಕು. ಗುರುವಾರ ಎಲ್ಲ ಫಾರಮುಗಳು ಪುಸ್ತಕ ಕಟ್ಟುವ ಹೊಲಿಗೆಗೆ ಹೋಗಬೇಕು. ಅಲ್ಲಿಯವರೆಗೆ ಮಾವ ಯಾವುದಕ್ಕೂ ಸಹಿ ಹಾಕಬಾರದು. ಗುರುವಾರ ಕೂತು ಮಾತಾಡೋಣ. ‘ಮಾತಾಡೋಣ’ ಎಂದರೆ ಏನು ಎಂದು ಮೂವರಿಗೂ ಗೊತ್ತಿತ್ತು. ಹೋದ ವರ್ಷ ಲೆಕ್ಕದ ಕೋಣೆಯ ಹಿರಿಯರೊಂದಿಗೂ ಹೀಗೆ ಮಾತಾಡಿದ್ದರು. ಈಗ ಅವರ ಕುರ್ಚಿಯ ಮೇಲೆ ಫ್ಯಾನಿನ ಪೆಟ್ಟಿಗೆ ಇದೆ.

ಅವರು ಹೋದ ಮೇಲೆ ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಮಾವ ಊಟಕ್ಕೆ ಎದ್ದಾಗ ಆ ಹಾಳೆಗಳನ್ನು ಮಡಚಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ನಾನು ಗುಂಡಿ ಒತ್ತುವ ಮುನ್ನ ತೆಗೆದ ಪ್ರಿಂಟು ಅದು. ಅದರಲ್ಲಿ ಕಾರ್ಖಾನೆ ಕಾರ್ಖಾನೆಯಾಗಿಯೇ ಇತ್ತು. ಅದನ್ನು ಮೇಜಿನ ಮೇಲೆ ಇಟ್ಟರೆ ಸಾಕು, ಮಾವ ಉಳಿಯುತ್ತಾನೆ, ನಾನು ಹೋಗುತ್ತೇನೆ. ಇಷ್ಟು ಸುಲಭದ ಕೂಡುವ ಲೆಕ್ಕ. ಕೈ ಮಾತ್ರ ಬ್ಯಾಗಿನ ಜಿಪ್ಪನ್ನು ಮುಚ್ಚುತ್ತಿತ್ತು, ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಮಂಗಳವಾರ ಸಂಜೆ ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಅಮ್ಮನಿಗೆ ಹೇಳಿದ, “ಅಕ್ಕ, ಇನ್ನು ನಾನು ಮನೇಲೇ ಇರ್ತೀನಿ ಕಣೆ.”

ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಇದ್ದು ಏನು ಮಾಡ್ತೀಯ? ನನ್ನ ಸಾಮಾನಿನ ಚೀಟಿ ತಿದ್ತೀಯಾ? ಹೋದ ಸಲ ಟಮಾಟ ಅಂತ ಬರೆದಿದ್ದಕ್ಕೆ ಕೆಂಪು ಗೆರೆ ಎಳೆದಿದ್ದೆ. ಅಂಗಡಿಯವನು ಗೆರೆ ನೋಡಿ ಬೇಡ ಅಂತ ತಿಳಕೊಂಡು ಕೊಡಲೇ ಇಲ್ಲ.”

“ಟೊಮ್ಯಾಟೊ ಅಂತ ಬರೀಬೇಕು.”

“ಹಣ್ಣಿಗೆ ಗೊತ್ತಾಗುತ್ತಾ?”

ಮಾವ ನಕ್ಕ. ನಗುತ್ತಲೇ ಗೋಡೆಯನ್ನು ಅಂಗೈಯಲ್ಲಿ ಮುಟ್ಟಿಕೊಂಡು ತನ್ನ ಕೋಣೆಗೆ ಹೋದ. ಅವನು ಗೋಡೆ ಮುಟ್ಟಿ ನಡೆಯುವುದು ಯಾವಾಗಿಂದ ಶುರುವಾಯಿತು ಎಂದು ಯೋಚಿಸಿದೆ. ನೆನಪಾಗಲಿಲ್ಲ. ನೋಡಿಯೇ ಇರಲಿಲ್ಲ.

ಅಮ್ಮ ಚಾಕು ಕೆಳಗಿಟ್ಟು ಮೆಲ್ಲಗೆ ಕೇಳಿದಳು, “ಏನಾಯ್ತೇ? ಆ ಮೇಜು ಬಿಟ್ಟರೆ ಅವನಿಗೆ ಕೂರೋಕೆ ಜಾಗವೇ ಗೊತ್ತಿಲ್ಲ. ನಿನ್ನ ಅತ್ತೆ ಸತ್ತ ಮೂರನೇ ದಿನಕ್ಕೆ ಅಲ್ಲಿ ಹೋಗಿ ಕೂತವನು. ನೀನು ಅಲ್ಲೇ ಇರ್ತೀಯ. ನಿನಗೆ ಗೊತ್ತಿರಬೇಕಲ್ಲ.”

“ನನಗೇನು ಗೊತ್ತು,” ಎಂದೆ. ಎಷ್ಟು ಜೋರಾಗಿ ಹೇಳಿದೆನೆಂದರೆ ಅವಳು ಮತ್ತೆ ಕೇಳಲಿಲ್ಲ.

ಒಂದು ವಿಷಯ ಮಾತ್ರ ಒಳಗೆ ಕೊರೆಯುತ್ತಿತ್ತು. ಮಾವ ಆ ಹಾಳೆಗಳನ್ನು ಕೇಳಲೇ ಇಲ್ಲ ಏಕೆ? ಮೂವತ್ತೊಂದು ವರ್ಷ ಕೆಲಸ ಮಾಡಿದವನು. ಅಚ್ಚಿನಲ್ಲಿ ತಪ್ಪು ಕಂಡರೆ ಮೊದಲು ಸಹಿಯಿದ್ದ ಪ್ರೂಫನ್ನು ತರಿಸಿ ಹೋಲಿಸುವವನು. ಸೋಮವಾರ ಕೇಳಲಿಲ್ಲ, ಮಂಗಳವಾರ ಕೇಳಲಿಲ್ಲ. ನನಗೆ ಅನುಕೂಲವೇ ಆಗಿತ್ತು. ಅನುಕೂಲ ಅತಿಯಾಗಿತ್ತು.

ಬುಧವಾರ ಬೆಳಿಗ್ಗೆ ಮಾವ ಮೊದಲ ಬಸ್ಸಿಗೇ ಹೋಗಿಬಿಟ್ಟಿದ್ದ. ನಾನು ಮುಂದಿನ ಬಸ್ಸಿನಲ್ಲಿ, ಕೊನೆಯ ಸೀಟಿನಲ್ಲಿ, ಹಾಳೆಗಳನ್ನು ಬ್ಯಾಗಿನಿಂದ ತೆಗೆದು ಮೊಣಕಾಲಿನ ಮೇಲೆ ಹರಡಿದೆ. ಅಷ್ಟು ದಿನ ಅದನ್ನು ಹೊತ್ತು ತಿರುಗಿದ್ದೆನೇ ಹೊರತು ಓದಿರಲಿಲ್ಲ. ಮೂಲೆಯಲ್ಲಿ ಚಿಕ್ಕ ಸಹಿ. ಹದಿನಾರು ಪುಟ. ಕಾರ್ ಬಂದು ಗುದ್ದಿದಾಗ. ಕಾರ್ ಓಡಿಸುವಾಗ. ಒಂಟಿಯಾಗಿ ನಿಂತ ಕಾರ್‌ಗಳನ್ನು ಎಣಿಸಿದೆ, ಹದಿಮೂರು. ಒಂದು ಕಡೆ ಆಫೀಸ್, ಎರಡು ಕಡೆ ಬಸ್‌ನಲ್ಲಿ. ಯಾವುದಕ್ಕೂ ಸುತ್ತು ಇಲ್ಲ. ಪಕ್ಕದ ಖಾಲಿ ಜಾಗದಲ್ಲಿ ಒಂದು ಗೆರೆ ಇಲ್ಲ, ಪೆನ್ಸಿಲಿನ ಒಂದು ಚುಕ್ಕಿ ಇಲ್ಲ. ಮಾವನ ಪ್ರೂಫು ಎಂದರೆ ಇರುವೆ ಹರಿದ ಸಕ್ಕರೆ ತಟ್ಟೆಯಂತೆ ಇರಬೇಕು. ಇದು ಬಟ್ಟಲು ತೊಳೆದಿಟ್ಟ ಹಾಗಿತ್ತು.

ಇಳಿಯುವ ನಿಲ್ದಾಣ ದಾಟಿತು. ಮುಂದಿನದೂ ದಾಟಿತು. ಎದ್ದು ನಿಂತೆ, ಕೂತೆ, ಎದ್ದೆ. ಕಂಡಕ್ಟರು, “ಇಳೀತೀರೋ, ಕವಾಯತು ಮಾಡ್ತೀರೋ?” ಎಂದ. ಎಲ್ಲೋ ಇಳಿದು, ಟೈರಿನ ಅಂಗಡಿಗಳ ಸಾಲಿನ ಮುಂದೆ ಹಿಂದಕ್ಕೆ ನಡೆದೆ. ಅಂಗಡಿಗಳ ಹಲಗೆಗಳಲ್ಲಿ ಟಯರ್, ಟೈರ್, ಟಾಯರ್. ಪ್ರತಿಯೊಂದನ್ನೂ ಓದುತ್ತ, ಓಡುತ್ತ ಹೋದೆ.

ಈಗ ಲೆಕ್ಕ ಕೂಡುವ ಲೆಕ್ಕವಾಗಿ ಉಳಿದಿರಲಿಲ್ಲ. ಈ ಹಾಳೆ ತೋರಿಸಿದರೆ ಕಾರುಖಾನೆ ಅವನ ತಪ್ಪಲ್ಲ ಎಂದು ಗೊತ್ತಾಗುತ್ತದೆ. ಅದೇ ಹಾಳೆ ಅವನು ಓದದೆ ಸಹಿ ಹಾಕಿದ ಎಂದೂ ಹೇಳುತ್ತದೆ.

ನಾನು ಆಫೀಸು ಮುಟ್ಟಿದಾಗ ಮಾವ ಮಾಳಿಗೆಯ ಮೇಲಿದ್ದ. ಚಹಾದ ಹೊತ್ತಿಗೆ ಅವನು ಅಲ್ಲಿ ನೀರಿನ ತೊಟ್ಟಿಯ ನೆರಳಲ್ಲಿ ಕೂರುತ್ತಾನೆ. ಹಾಳೆಗಳನ್ನು ಅವನ ತೊಡೆಯ ಮೇಲೆ ಇಟ್ಟೆ.

“ಏನಿದು?”

“ಏಳನೇದು. ನಿನ್ನ ಸಹಿ ಇರೋದು. ಇದರಲ್ಲಿ ಕಾರುಖಾನೆ ಇಲ್ಲ ಮಾವ. ನೀನು ಸಹಿ ಹಾಕಿದ ಮೇಲೆ ನಾನು ಗುಂಡಿ ಒತ್ತಿದೆ. ಎಲ್ಲವನ್ನೂ ಬದಲಿಸು ಅಂತ.” ಆಫೀಸಿನಲ್ಲಿ ಮೊದಲ ಸಲ ಅವನನ್ನು ‘ನೀನು’ ಎಂದಿದ್ದೆ. “ಪ್ರಿಂಟು ತೆಗೀಲಿಲ್ಲ. ಸೋಮವಾರ ಬಚ್ಚಿಟ್ಟೆ.”

ಅವನು ಹಾಳೆಯ ಅಂಚನ್ನು ಬೆರಳಲ್ಲಿ ನೇವರಿಸಿದ. ಓದಲು ಹತ್ತಿರ ಹಿಡಿಯಲಿಲ್ಲ.

“ಅಂದರೆ ಅದು ಮೊದಲೇ ಇರಲಿಲ್ಲ,” ಎಂದ. “ಎರಡು ದಿನದಿಂದ, ಸಹಿ ಹಾಕೋವಾಗ ಮೇಲೆ ಮೇಲೆ ಕಣ್ಣಾಡಿಸಿದರೂ ಕಾರ್ಮಿಕ ಅನ್ನೋ ಪದವೂ ಕಾಣದಷ್ಟು ಕುರುಡಾದೆನಾ ಅಂತ...”

“ಮಾವ, ಇದರಲ್ಲಿ ಒಂದು ಗೆರೆನೂ ಇಲ್ಲ.”

“ಇರಲ್ಲ.”

“ಓದಲೇ ಇಲ್ವಾ?”

“ಮೊದಲ ನಾಲ್ಕು ಫಾರಂ ಭೂತಗನ್ನಡಿ ಹಿಡಿದು ಓದಿದೆ. ಐದನೇದರಲ್ಲಿ ಅರ್ಧಕ್ಕೇ ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡವು. ನೀನು ಮೊದಲ ಪ್ರೂಫು ಓದಿರ್ತೀಯಲ್ಲ. ಚೂಟಿ ಇದ್ದೀಯ. ನಿನ್ನ ಮೇಲೆ ಬಿಟ್ಟೆ.”

“ನಾನು ನಿನ್ನ ಮೇಲೆ ಬಿಟ್ಟಿದ್ದೆ. ಹೇಗೂ ಎರಡನೇದು ಮಾವ ನೋಡ್ತಾನೆ ಅಂತ ಓಡಿಸ್ತಿದ್ದೆ.”

ತೊಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಅವನು ಹಾಳೆಗಳನ್ನು ಮಡಚಿ ನನ್ನ ಕಡೆ ಚಾಚಿದ.

“ಹರಿದುಹಾಕು. ಇದು ಇಲ್ಲದೆ ಇದ್ದರೆ ನಾನು ಕಣ್ಣು ಮಂದ ಆದ ಮುದುಕ, ಅಷ್ಟೇ. ಕಳಿಸೋವಾಗ ನಾಲ್ಕು ಒಳ್ಳೆ ಮಾತಾಡಿ ಕಳಿಸ್ತಾರೆ. ಇದು ಇದ್ದರೆ ಓದದೆ ಸಹಿ ಹಾಕಿದ ಸುಳ್ಳ. ನಿನಗೂ ಇದು ಇಲ್ಲದೆ ಇದ್ದರೇ ಒಳ್ಳೇದು. ಇನ್ನು ಐದು ತಿಂಗಳಿಗೆ ಕಾಯಂ ಆಗ್ತೀಯ. ಎರಡೂ ಕಡೆಗೂ ವಾಸಿ.”

ಹಾಳೆ ನನ್ನ ಕೈಯಲ್ಲಿತ್ತು. ಹರಿಯುವುದಕ್ಕೆ ಎಷ್ಟು ಹೊತ್ತು ಬೇಕು? ನನ್ನಂಥವಳಿಗೆ ಅರೆಕ್ಷಣ. ಎರಡು ಬೆರಳು ಅಂಚಿನಲ್ಲಿ ಇದ್ದವು. ಆಗ ಒಂದು ಅಂಕಿ ತಲೆಯಲ್ಲಿ ಸಿಕ್ಕಿಕೊಂಡಿತು.

“ಐದನೇದರಲ್ಲಿ ಅರ್ಧ ಅಂದೆ. ಆರನೇದು?”

ಅವನು ತೊಟ್ಟಿಯ ಕಡೆ ಮುಖ ತಿರುಗಿಸಿದ.

“ಮಾವ, ಐದು, ಆರು ಅಚ್ಚಾಗಿ ಕೆಳಗೆ ಕೂತಿವೆ. ನಾಳೆ ಹೊಲಿಗೆಗೆ ಹೋಗ್ತವೆ. ಐದರಲ್ಲಿ ಮಾತ್ರೆಗಳ ಪಟ್ಟಿ ಇದೆ. ಎಷ್ಟು, ಯಾವಾಗ ಅಂತ.”

“ನೀನು ಓದಿದ್ದೀಯ ಅದನ್ನ.”

“ಓಡಿಸಿದೆ ಅಂದೆನಲ್ಲ.”

ಮಾವ ಎದ್ದ. ತೊಟ್ಟಿಯ ಗೋಡೆಯನ್ನು ಮುಟ್ಟಿಕೊಂಡು ನಾಲ್ಕು ಹೆಜ್ಜೆ ಹೋದ, ತಿರುಗಿ ಬಂದ. ಅವನು ಹೀಗೆ ಅತ್ತಿತ್ತ ನಡೆಯುವುದನ್ನು ನಾನು ಎಂದೂ ನೋಡಿರಲಿಲ್ಲ. ಅದು ನನ್ನ ಕೆಲಸ. ಸ್ವಲ್ಪ ಹೊತ್ತು ಇಬ್ಬರೂ ಒಟ್ಟಿಗೆ ನಡೆದೆವು, ಎದುರುಬದುರಾಗಿ, ಢಿಕ್ಕಿ ತಪ್ಪಿಸಿಕೊಳ್ಳುತ್ತ.

“ಓದೋರು ಯಾರು ಅಂತ ಗೊತ್ತಲ್ಲ ನಿನಗೆ,” ಎಂದ ಕೊನೆಗೆ. “ಮೊನ್ನೆ ಮೊನ್ನೆ ಓದೋಕೆ ಕಲಿತೋರು. ಅಚ್ಚಾಗಿದ್ದೆಲ್ಲ ನಿಜ ಅಂತ ನಂಬ್ತಾರೆ.” ಕೈ ಚಾಚಿದ. “ಕೊಡು ಇಲ್ಲಿ.”

ಹರಿಯುತ್ತಾನೆ ಅಂದುಕೊಂಡೆ. ಅವನು ಅದನ್ನು ಜೇಬಿಗೆ ಹಾಕದೆ, ಎದೆಗೆ ಒತ್ತಿ ಹಿಡಿದು, ಮೆಟ್ಟಿಲ ಕಂಬಿ ಹುಡುಕಿ ಇಳಿಯತೊಡಗಿದ. ನಾನು ಅವನ ಹಿಂದೆ, ಒಂದೊಂದೇ ಮೆಟ್ಟಿಲು.

ಸಂಪಾದಕಿ ಇಬ್ಬರ ಮಾತನ್ನೂ ಮಧ್ಯೆ ತಡೆಯದೆ ಕೇಳಿದರು. ನಾನು ನನ್ನದನ್ನು ಹೇಳಿದೆ: ಗುಂಡಿ, ಅರವತ್ತೊಂದು, ಡ್ರಾಯರು. ಅವರ ಮುಖ ಒಮ್ಮೆ ಹಗುರಾಗಿ ಮಾವನ ಕಡೆ ತಿರುಗಿತು.

“ಹಾಗಾದರೆ ನಿಮ್ಮ ಕಣ್ಣಿಗೇನೂ ಆಗಿಲ್ಲ. ನಾನೇ ಸುಮ್ಮನೆ...”

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಮಾವನನ್ನು ನೋಡಿದೆ. ನಿಲ್ಲಿಸು, ನಿಲ್ಲಿಸು ಎಂದು ನನ್ನ ಕಾಲು ಅವನಿಗೆ ಹೇಳುತ್ತಿತ್ತು. ಅವನು ಹಾಳೆಗಳನ್ನು ಮೇಜಿನ ಮೇಲೆ ಬಿಡಿಸಿ ಇಟ್ಟ.

“ಒಂಟಿ ಕಾರ್ ಎಷ್ಟಿವೆ ನೋಡಿ ಮೇಡಂ. ಒಂದಕ್ಕೂ ನಾನು ಸುತ್ತು ಹಾಕಿಲ್ಲ. ಕಾಣಲ್ಲ. ಐದನೇದು ಅರ್ಧ ಓದಿಲ್ಲ, ಆರು ಏಳು ಓದೇ ಇಲ್ಲ. ಸಹಿ ಮೂರಕ್ಕೂ ಹಾಕಿದ್ದೀನಿ.”

ಅವರು ಆ ಸ್ವಚ್ಛ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು.

“ಒಬ್ಬರ ಬೆನ್ನಿಗೆ ಒಬ್ಬರು ಒರಗಿಕೊಂಡು ಇಬ್ಬರೂ ನಿದ್ದೆ ಮಾಡಿದ್ದೀರಿ.” ಫೋನು ಎತ್ತಿ ಕೆಳಗೆ ಮಾತಾಡಿದರು. ಐದು, ಆರು ಹೊಲಿಗೆಗೆ ಹೋಗಬಾರದು. ಆಮೇಲೆ ನನಗೆ ಹೇಳಿದರು, “ನಿನ್ನ ಕಾಯಂ ವಿಷಯ ಈ ವರ್ಷ ಮರೆತುಬಿಡು.” ಮಾವನಿಗೆ, “ಇನ್ನು ನಿಮ್ಮ ಸಹಿ ಬೇಡ.”

“ಆಗಲಿ,” ಎಂದ ಮಾವ. ಆದರೆ ಎದ್ದು ಹೋಗಲಿಲ್ಲ. “ಆ ಮೂರು ಫಾರಂ ಯಾರು ಓದ್ತಾರೆ? ಇವಳೊಬ್ಬಳೇ ಓದಿದರೆ ಓಡಿಸ್ತಾಳೆ. ಹೊಸಬರಿಗೆ ಪಟ್ಟಿ ಗೊತ್ತಿಲ್ಲ. ನಾವು ಕೆಲಸಕ್ಕೆ ಸೇರಿದಾಗ ಒಬ್ಬರು ಗಟ್ಟಿಯಾಗಿ ಓದೋರು, ಒಬ್ಬರು ಕೇಳೋರು. ಬಸ್ ಅಂತಿದೆಯೋ ಬಸ್ಸು ಅಂತಿದೆಯೋ ಕಿವಿಗೇ ಗೊತ್ತಾಗುತ್ತೆ. ಇವಳು ಓದಲಿ. ನಾನು ಕೇಳ್ತೀನಿ.”

“ಸಹಿ?”

“ಅವಳದ್ದು. ಪೂರ್ತಿ ಹೆಸರು ಬರೆದು ಹಾಕಲಿ.”

ಅವರು ಹಣೆಯನ್ನು ಎರಡು ಬೆರಳಲ್ಲಿ ಒತ್ತಿಕೊಂಡರು. “ಈ ಪುಸ್ತಕ ಮುಗಿಯೋವರೆಗೆ. ಆಮೇಲಿನ ಮಾತು ಆಮೇಲೆ. ಮೊದಲು ನಾಳೆ ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬನ್ನಿ. ಚೀಟಿ ತಂದು ನನಗೆ ತೋರಿಸಿ.”

ಐದನೆಯ ಫಾರಮಿನ ಅಚ್ಚಾದ ಹಾಳೆಯನ್ನು ಮಷಿನಿನ ಅಣ್ಣ ತಂದುಕೊಟ್ಟ. ಹೋಗುವಾಗ ಏನೂ ಹಾಸ್ಯ ಮಾಡಲಿಲ್ಲ, ನಮ್ಮ ಬಾಗಿಲನ್ನು ಮಾತ್ರ ಮೆಲ್ಲಗೆ ಎಳೆದುಕೊಂಡ. ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕೈಕಟ್ಟಿ, ಕಣ್ಣು ಮುಚ್ಚಿಕೊಂಡ.

ನಾನು ಓದಿದೆ. ಪೂರ್ಣವಿರಾಮ, ಅಲ್ಪವಿರಾಮ ಎಲ್ಲವನ್ನೂ ಬಾಯಲ್ಲಿ ಹೇಳುತ್ತ. ಎರಡು ಪುಟಕ್ಕೆ ಬಾಯಿ ಒಣಗಿತು. ಗಟ್ಟಿಯಾಗಿ ಓದಿದರೆ ಓಡಲಾಗುವುದಿಲ್ಲ. ಓಡಲು ಹೋದರೆ ನಾಲಗೆ ಎಡವುತ್ತದೆ.

“‘ಪೊಲೀಸ್ ಸ್ಟೇಷನ್ನಿಗೆ ತಿಳಿಸಬೇಕು,’ ಪೂರ್ಣವಿರಾಮ.”

“ಯಾವ ಷ?”

“ಹೊಟ್ಟೆ ಸೀಳಿದ ಷ.”

“ಸರಿ. ಕಿವಿಗೆ ಗೊತ್ತಾಗದ್ದನ್ನ ನೀನೇ ಹೇಳಬೇಕು. ಶ, ಷ. ಹ್ರಸ್ವ ಪೊ ಹೇಳಿದೆ, ಅದು ಕೇಳಿಸಿತು. ಮುಂದೆ.”

ಮೂರನೆಯ ಪುಟದಲ್ಲಿ ಎರಡು ‘ಆಫೀಸ್’ ಸಿಕ್ಕಿದವು. ನಾಲ್ಕರಲ್ಲಿ ಒಂದು ‘ಬ್ಯಾಂಕ್‌ಗೆ’. ಐದರಲ್ಲಿ ಏನೂ ಇಲ್ಲ. ಆರರಲ್ಲಿ ಮಾತ್ರೆಗಳ ಪಟ್ಟಿ ಶುರುವಾಯಿತು. ಬೆನ್ನು ನೋಯುತ್ತಿತ್ತು. ಕಿಟಕಿಯ ಬಿಸಿಲು ಮೇಜು ಬಿಟ್ಟು ನೆಲಕ್ಕೆ ಇಳಿದಿತ್ತು. ನಾನು ಒಂದು ಸಾಲು ಓದಿ ಮುಂದಿನದಕ್ಕೆ ಹೋದೆ.

“ನಿಲ್ಲಿಸು,” ಎಂದ ಮಾವ. “ಹಿಂದಿನ ಸಾಲು.”

“‘ಜ್ವರ ಇಳಿಯದಿದ್ದರೆ ಆರು ಗಂಟೆಗಳ ನಂತರ ಇನ್ನೊಂದು ಮಾತ್ರೆ,’ ಪೂರ್ಣವಿರಾಮ. ಸರಿಯಾಗೇ ಇದೆ.”

“ಸರಿಯಾಗೇ ಹೇಳಿದೆ. ಅದಕ್ಕೇ ಕೇಳ್ತಿರೋದು. ಉಳಿದ ಸಾಲಿಗೆಲ್ಲ ತಡವರಿಸ್ತಿದ್ದೀಯ, ಇದು ಬಾಯಿಪಾಠ ಒಪ್ಪಿಸಿದ ಹಾಗೆ ಬಂತು. ಇರಬೇಕಾದ್ದನ್ನ ಹೇಳಿದೆಯೋ, ಇರೋದನ್ನ ಓದಿದೆಯೋ?”

ಸಿಟ್ಟು ಬಂತು. ಅಳತೆಪಟ್ಟಿಯನ್ನು ಸಾಲಿನ ಕೆಳಗೆ ಇಟ್ಟು, ಪೆನ್ಸಿಲಿನ ತುದಿಯನ್ನು ಮೊದಲ ಅಕ್ಷರದ ಮೇಲೆ ಊರಿದೆ. ಜ್ವರ. ಇಳಿಯದಿದ್ದರೆ. ಆರು. ಗಂಟೆಗಳ. ಪೆನ್ಸಿಲು ನಿಂತಿತು.

“ನಂತರ ಇಲ್ಲ,” ಎಂದೆ. “‘ಆರು ಗಂಟೆಗಳ ಒಳಗೆ ಇನ್ನೊಂದು ಮಾತ್ರೆ’ ಅಂತಿದೆ.”

ಅವನು ಕಣ್ಣು ತೆರೆಯಲಿಲ್ಲ. ಕಟ್ಟಿದ್ದ ಕೈ ಮಾತ್ರ ಬಿಚ್ಚಿತು.

“ಗುರುತು ಹಾಕು. ಡಾಕ್ಟರಿಗೆ ಈಗಲೇ ಫೋನು ಮಾಡಿ ಕೇಳು, ಅವರು ಬರೆದದ್ದು ಯಾವುದು ಅಂತ. ನಾವಾಗಿ ತಿದ್ದೋ ಮಾತಲ್ಲ ಅದು.”

ಫೋನು ಮಾಡಿದೆ. ಅತ್ತಲಿಂದ ಉತ್ತರ ಬರುವವರೆಗೆ ಕಾಯುತ್ತ ನಿಂತೆ, ಗುರುತು ಹಾಕಿದ ಸಾಲಿನ ಮೇಲಿಂದ ಬೆರಳು ತೆಗೆಯದೆ. ‘ನಂತರ’ ಎಂದು ಅವರು ಎರಡು ಸಲ ಹೇಳಿದರು. ಅಂಚಿನಲ್ಲಿ ಬರೆದು, ಅದರ ಪಕ್ಕ ನನ್ನ ಪೂರ್ತಿ ಹೆಸರು ಬರೆದೆ.

“ಬರೆದಾಯ್ತಾ?”

“ಆಯ್ತು.”

“ಮುಂದಿನ ಸಾಲು,” ಎಂದ ಮಾವ.